‘ಒಬ್ಬರಿಗೆ ಮಾತ್ರ ಅವಕಾಶ’ ಅಂತ ಬರೆದೆ, ಮೂವರು ಮೂರು ಥರ ಓದಿದರು: ಕ್ಲಿನಿಕ್ ನೋಟಿಸ್ ತಿದ್ದಲು ಸಹಾಯ ಬೇಕು

ಮುಂಬಾಗಿಲ ಮೇಜು

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ಕ್ಲಿನಿಕ್‌ನ ರಿಸೆಪ್ಷನ್‌ನಲ್ಲಿ ಕೆಲಸ ಮಾಡುತ್ತೇನೆ. ಹೊರಗೆ ಡಾಕ್ಟರಿಗೆ ತೋರಿಸಿಕೊಳ್ಳುವವರ ಸಾಲು, ಒಳಗೆ ಆರು ಹಾಸಿಗೆಯ ವಾರ್ಡು. ಎರಡು ವಾರದಿಂದ ಫ್ಲೂ ಜ್ವರ ಜೋರಾಗಿದೆ. ಬಾಗಿಲಿಗೆ ಒಂದು ನೋಟಿಸ್ ಅಂಟಿಸು ಅಂದರು. ನಾನು ಬರೆದದ್ದು ಹೀಗಿತ್ತು:

“ಸಾರ್ವಜನಿಕರ ಗಮನಕ್ಕೆ. ಜ್ವರ ಪ್ರಕರಣಗಳು ಹೆಚ್ಚುತ್ತಿರುವ ಹಿನ್ನೆಲೆಯಲ್ಲಿ ಮಾಸ್ಕ್ ಧರಿಸುವುದು ಕಡ್ಡಾಯ. ಮಾಸ್ಕ್ ಧರಿಸದವರಿಗೆ ಪ್ರವೇಶ ನಿಷೇಧಿಸಲಾಗಿದೆ. ರೋಗಿಯೊಂದಿಗೆ ಒಬ್ಬರಿಗೆ ಮಾತ್ರ ಅವಕಾಶ. ಅನಾರೋಗ್ಯ ಪೀಡಿತರು ಭೇಟಿ ನೀಡುವುದನ್ನು ತಪ್ಪಿಸಬೇಕು. ದಯವಿಟ್ಟು ಸಹಕರಿಸಿ.”

ಅಂಟಿಸಿ ಮೂರು ದಿನ ಆಯಿತು. ಮೊದಲ ದಿನವೇ ವಾರ್ಡಿನ ಒಬ್ಬ ಅಜ್ಜಿಯನ್ನು ನೋಡಲು ನಾಲ್ಕು ಮಕ್ಕಳೂ ಬಂದರು. ಒಬ್ಬರು ಹೊರಗೆ ಬಂದ ಮೇಲೆ ಇನ್ನೊಬ್ಬರು ಒಳಗೆ. “ಒಬ್ಬರೇ ಹೋಗ್ತಾ ಇದೀವಲ್ಲ ಮೇಡಂ” ಅಂದರು. ತಪ್ಪು ಹುಡುಕಲು ಆಗಲಿಲ್ಲ. ಇನ್ನೊಬ್ಬರು ಮಗುವನ್ನು ಎತ್ತಿಕೊಂಡು ಬಂದರು. ಮಗು ಲೆಕ್ಕಕ್ಕೆ ಬರುತ್ತೆ ಅಂತ ಅವರಿಗೆ ಅನಿಸಲೇ ಇಲ್ಲ. ಮೂರನೆಯವರು ವಯಸ್ಸಾದವರು, ಡಾಕ್ಟರಿಗೆ ತೋರಿಸಿಕೊಳ್ಳಲು ಬಂದಿದ್ದರು. ಕಿವಿ ಅಷ್ಟಾಗಿ ಕೇಳಿಸುವುದಿಲ್ಲ. ಬೋರ್ಡ್ ಓದಿ ಹೆಂಡತಿಯನ್ನು ಹೊರಗೇ ನಿಲ್ಲಿಸಿ ಬಂದರು. ಯಾವ ಮಾತ್ರೆ ನುಂಗುತ್ತಾರೆ ಅನ್ನೋದು ಗೊತ್ತಿದ್ದದ್ದು ಆ ಅಮ್ಮನಿಗೆ ಮಾತ್ರ.

ಯಾರೂ ಬೇಕಂತ ನಿಯಮ ಮುರಿಯಲಿಲ್ಲ. ಮೂವರೂ ಓದಿಯೇ ಬಂದಿದ್ದರು. ಹಾಗಾದರೆ ತಪ್ಪು ನನ್ನ ವಾಕ್ಯದಲ್ಲಿದೆ. ಹೇಗೆ ತಿದ್ದಲಿ?

ಹಳೇ ಪೆನ್ನು

ಅಕ್ಷರ ದೊಡ್ಡದು ಮಾಡಿ, ಕೆಂಪು ಬಣ್ಣ ಹಾಕಿ. ‘ಕಡ್ಡಾಯ’ ಅನ್ನೋದರ ಕೆಳಗೆ ಗೆರೆ ಎಳೆಯಿರಿ. ಜನ ಬೋರ್ಡ್ ಓದೋದೇ ಇಲ್ಲ, ಅದೇ ಸಮಸ್ಯೆ.

ವಾರ್ಡ್ ಅಕ್ಕ

ಹಳೇ ಪೆನ್ನು ಅವರೇ, ಇಲ್ಲಿ ಜನ ಓದಿದ್ದಾರೆ. ಓದಿಯೇ ಎಡವಿದ್ದಾರೆ. ಗೆರೆ ಎಳೆದರೆ ಅದೇ ಗೊಂದಲ ಇನ್ನಷ್ಟು ದೊಡ್ಡದಾಗಿ ಕಾಣುತ್ತೆ ಅಷ್ಟೇ.

ನಾನು ನರ್ಸ್. ಸೋಂಕು ತಡೆಯುವ ಕೆಲಸವನ್ನೇ ಹದಿನೈದು ವರ್ಷದಿಂದ ಮಾಡುತ್ತಿದ್ದೇನೆ. ಮೇಜಿನವರೇ, ನಿಮ್ಮ ನೋಟಿಸ್‌ನಲ್ಲಿ ಎಲ್ಲಕ್ಕಿಂತ ಅಪಾಯದ ವಾಕ್ಯ ನೀವು ಹೇಳಿದ ‘ಒಬ್ಬರಿಗೆ ಮಾತ್ರ’ ಅಲ್ಲ. ಅದರ ಮುಂದಿನದು. “ಅನಾರೋಗ್ಯ ಪೀಡಿತರು ಭೇಟಿ ನೀಡುವುದನ್ನು ತಪ್ಪಿಸಬೇಕು.” ಇದನ್ನು ಬಾಗಿಲಲ್ಲಿ ನಿಂತ ಜ್ವರದ ರೋಗಿಯ ಕಣ್ಣಿನಿಂದ ಒಮ್ಮೆ ಓದಿ ನೋಡಿ. ಹುಷಾರಿಲ್ಲದವರು ಕ್ಲಿನಿಕ್‌ಗೆ ಬರಬೇಡಿ ಅಂತ ಕ್ಲಿನಿಕ್ಕೇ ಹೇಳಿದ ಹಾಗಾಯಿತು. ನೀವು ಹೇಳಹೊರಟದ್ದು, ಬೇರೆಯವರನ್ನು ನೋಡಲು ಬರುವವರಿಗೆ ಕೆಮ್ಮು ಜ್ವರ ಇದ್ದರೆ ಬರಬೇಡಿ ಅಂತ. ಅಲ್ವಾ?

ಯಾರಾದರೂ ಬಾಗಿಲವರೆಗೆ ಬಂದು ವಾಪಸ್ ಹೋದರಾ, ಸ್ವಲ್ಪ ನೆನಪು ಮಾಡಿಕೊಳ್ಳಿ.

ಮುಂಬಾಗಿಲ ಮೇಜು

ಅಕ್ಕ, ಓದಿ ಎದೆ ಧಸಕ್ಕೆಂದಿತು. ನಿನ್ನೆ ಬೆಳಿಗ್ಗೆ ಒಬ್ಬರು ಶಾಲು ಹೊದ್ದು ಬೋರ್ಡಿನ ಮುಂದೆ ತುಂಬಾ ಹೊತ್ತು ನಿಂತಿದ್ದರು. ಗಾಜಿನ ಆಚೆ ಕಾಣುತ್ತಿತ್ತು. ನಾನು ಫೋನಿನಲ್ಲಿದ್ದೆ. ತಲೆ ಎತ್ತಿ ನೋಡುವಷ್ಟರಲ್ಲಿ ಇರಲಿಲ್ಲ. ಮಾಸ್ಕ್ ಇರಲಿಲ್ಲ ಅವರ ಹತ್ತಿರ. ‘ಪ್ರವೇಶ ನಿಷೇಧ’ ಓದಿ ಹೋದರೋ, ‘ಪೀಡಿತರು’ ಓದಿ ಹೋದರೋ ಗೊತ್ತಿಲ್ಲ. ಆ ಎರಡು ವಾಕ್ಯದ ಮೇಲೆ ಈಗಲೇ ಬಿಳಿ ಕಾಗದ ಅಂಟಿಸಿ ಬಂದೆ.

ವಾರ್ಡ್ ಅಕ್ಕ

ಒಳ್ಳೇದು ಮಾಡಿದಿರಿ. ಈಗ ನೋಟಿಸ್ ಅನ್ನು ಎರಡು ಭಾಗ ಮಾಡೋಣ. ನಿಮ್ಮ ಬಾಗಿಲಿಗೆ ಬರುವವರು ಎರಡು ಥರ. ತಮಗೇ ತೋರಿಸಿಕೊಳ್ಳಲು ಬಂದವರು, ಒಳಗೆ ಮಲಗಿರುವವರನ್ನು ನೋಡಲು ಬಂದವರು. ಮೊದಲನೆಯವರಿಗೆ ‘ಬನ್ನಿ’ ಅನ್ನಬೇಕು, ಎರಡನೆಯವರಿಗೆ ‘ಎಲ್ಲರೂ ಬರಬೇಡಿ’ ಅನ್ನಬೇಕು. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿದರೆ ಪ್ರತಿಯೊಬ್ಬರೂ ತಮಗಲ್ಲದ ಮಾತನ್ನು ತಮಗೆ ಅಂದುಕೊಳ್ಳುತ್ತಾರೆ.

ಮಾಸ್ಕ್ ವಾಕ್ಯವನ್ನೂ ತಿರುಗಿಸಿ. ‘ಮಾಸ್ಕ್ ಇಲ್ಲದವರಿಗೆ ಪ್ರವೇಶ ಇಲ್ಲ’ ಅನ್ನುವ ಬದಲು ‘ಮಾಸ್ಕ್ ಇಲ್ಲವೇ? ಬಾಗಿಲ ಪಕ್ಕದ ಡಬ್ಬಿಯಿಂದ ತಗೊಳ್ಳಿ’. ಡಬ್ಬಿ ಎಲ್ಲಿಟ್ಟಿದ್ದೀರಿ?

ಮುಂಬಾಗಿಲ ಮೇಜು

ನನ್ನ ಮೇಜಿನ ಮೇಲೆ.

ವಾರ್ಡ್ ಅಕ್ಕ

ಅಂದರೆ ಮಾಸ್ಕ್ ಬೇಕಾದವರು ಸಾಲಿನಲ್ಲಿ ಕೆಮ್ಮುತ್ತಾ ನಿಂತು, ಎಲ್ಲರನ್ನೂ ದಾಟಿ, ನಿಮ್ಮ ಹತ್ತಿರ ಬಂದ ಮೇಲೆ ಮಾಸ್ಕ್ ಸಿಗುತ್ತೆ. ಡಬ್ಬಿ, ಕೈಗೆ ಹಚ್ಚುವ ಸ್ಯಾನಿಟೈಸರ್, ಮುಚ್ಚಳ ಇರುವ ಕಸದ ಬುಟ್ಟಿ, ಈ ಮೂರೂ ಬಾಗಿಲ ಹೊರಗೇ ನೋಟಿಸ್ ಪಕ್ಕ ಇರಲಿ. ಓದಿದ ಕೂಡಲೇ ಕೈಗೆ ಸಿಗಬೇಕು.

ಗಟ್ಟಿ ಮಾಸ್ಕ್

ನನ್ನ ಅಭಿಪ್ರಾಯ ಬೇರೆ. ಎಲ್ಲರಿಗೂ ಎನ್-95 ಹಾಕಿಸಿ, ಮುಗೀತು. ಬರುವವರ ಸಂಖ್ಯೆ ಕಡಿಮೆ ಮಾಡುವ ಅಗತ್ಯವೇ ಇಲ್ಲ. ಮನೆಯವರನ್ನು ತಡೆಯುವುದು ರೋಗಿಗೂ ಕಷ್ಟ. ಜೊತೆಗೆ ಬಾಗಿಲಲ್ಲಿ ಜ್ವರ ನೋಡುವ ಮೆಷಿನ್ ಇಡಿ. ಜ್ವರ ಇರೋರು ಹೊರಗೆ, ಇಲ್ಲದೋರು ಒಳಗೆ.

ವಾರ್ಡ್ ಅಕ್ಕ

ಎನ್-95 ಒಳ್ಳೆಯ ಮಾಸ್ಕ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಕೆಲಸ ನಿಂತಿರುವುದು ಮುಖಕ್ಕೆ ಎಷ್ಟು ಬಿಗಿಯಾಗಿ ಕೂತಿದೆ ಅನ್ನೋದರ ಮೇಲೆ. ಗಡ್ಡ ಇದ್ದರೆ ಅಂಚಿನಲ್ಲಿ ಗಾಳಿ ನುಗ್ಗುತ್ತೆ. ಅಭ್ಯಾಸ ಇಲ್ಲದವರು ಅರ್ಧ ಗಂಟೆಗೆ ಮೂಗಿನಿಂದ ಕೆಳಗೆ ಇಳಿಸುತ್ತಾರೆ. ಹಾಸಿಗೆ ಪಕ್ಕ ಕೂತವರು ನೀರು ಕುಡಿಯಲು ತೆಗೆಯುತ್ತಾರೆ. ಆರು ಹಾಸಿಗೆಯ ಕೋಣೆಯಲ್ಲಿ ಆರು ಜನ ಇದ್ದಾಗ ಹೀಗೆ ತೆಗೆಯುವುದಕ್ಕೂ ಇಪ್ಪತ್ತು ಜನ ಇದ್ದಾಗ ತೆಗೆಯುವುದಕ್ಕೂ ವ್ಯತ್ಯಾಸ ಇದೆಯಲ್ಲ. ಮತ್ತೆ, ಮುಂದೆ ವಾಲ್ವ್ ಇರುವ ಮಾಸ್ಕ್ ಬೇಡ. ಅದು ಹಾಕಿಕೊಂಡವರನ್ನು ಕಾಪಾಡುತ್ತೆ, ಅವರು ಬಿಡುವ ಉಸಿರು ಮಾತ್ರ ಸೋಸದೆ ಹೊರಗೆ ಬರುತ್ತೆ. ವಾರ್ಡಿನಲ್ಲಿ ನಮಗೆ ಆ ಹೊರಗೆ ಬರುವ ಉಸಿರಿನದ್ದೇ ಚಿಂತೆ.

ಜ್ವರದ ಮೆಷಿನ್ ಬಗ್ಗೆ ಒಂದು ಸಂಗತಿ ಹೇಳುತ್ತೇನೆ. ನಮ್ಮಲ್ಲಿ ಒಬ್ಬ ಮಗ ತಂದೆಯನ್ನು ನೋಡಲು ಬಂದ. ಮೆಷಿನ್ ಹಸಿರು ತೋರಿಸಿತು. ಒಳಗೆ ಕೂತ ಎರಡು ಗಂಟೆಯಲ್ಲಿ ಮೈ ನಡುಗತೊಡಗಿತು. ಕೇಳಿದರೆ ಬೆಳಿಗ್ಗೆ ಪ್ಯಾರಾಸಿಟಮಾಲ್ ನುಂಗಿದ್ದ. ಸುಳ್ಳು ಹೇಳಿದ್ದಲ್ಲ ಪಾಪ, ಯಾರೂ ಅವನನ್ನು ಕೇಳಿರಲಿಲ್ಲ. ಅದಕ್ಕೇ ನಾವು ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆವು. ‘ಜ್ವರ ಇದೆಯಾ’ ಅಲ್ಲ, ‘ನಿನ್ನೆಯಿಂದ ಜ್ವರ ಬಂದಿತ್ತಾ, ಜ್ವರದ ಮಾತ್ರೆ ತಗೊಂಡಿದ್ದೀರಾ’.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಫ್ಲೂ ಬಂದವರು ಕೆಮ್ಮು ಜ್ವರ ಶುರುವಾಗುವ ಸುಮಾರು ಒಂದು ದಿನ ಮೊದಲೇ ಹರಡಬಲ್ಲರು. ಆಗ ಅವರಿಗೇ ಗೊತ್ತಿರುವುದಿಲ್ಲ. ಯಾವ ಮೆಷಿನ್ನೂ ಹಿಡಿಯುವುದಿಲ್ಲ, ಯಾವ ಪ್ರಶ್ನೆಯೂ ಹಿಡಿಯುವುದಿಲ್ಲ. ಚೆನ್ನಾಗಿರುವವರಿಗೂ ಮಾಸ್ಕ್ ಹಾಕಿಸುವುದು, ಬರುವವರ ಸಂಖ್ಯೆಯನ್ನೇ ಕಡಿಮೆ ಮಾಡುವುದು ಈ ಕಾರಣಕ್ಕೆ.

ಗಟ್ಟಿ ಮಾಸ್ಕ್

ವಾಲ್ವ್ ವಿಷಯ ಗೊತ್ತಿರಲಿಲ್ಲ. ನನ್ನ ಹತ್ತಿರ ಇರುವುದು ಅದೇ. ಸಂಖ್ಯೆಯ ಬಗ್ಗೆ ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಒಂಟಿಯಾಗಿ ಮಲಗಿದವರ ಸಂಕಟವೂ ಲೆಕ್ಕಕ್ಕೆ ಬರಬೇಕು.

ಸಂಜೆ ನಡಿಗೆ

ನನಗೆ ಬಿ.ಪಿ. ಇದೆ. ಮೂರು ತಿಂಗಳಿಗೊಮ್ಮೆ ತೋರಿಸಬೇಕು. ಈ ವಾರ ಹೋಗಬೇಕಿತ್ತು. ಇದನ್ನೆಲ್ಲ ಓದಿದ ಮೇಲೆ ಹೋಗದಿರುವುದೇ ವಾಸಿ ಅನಿಸುತ್ತಿದೆ. ಮಾತ್ರೆ ನಾಲ್ಕು ದಿನದ್ದು ಉಳಿದಿದೆ. ನಿಲ್ಲಿಸಿದರೆ ಏನಾದರೂ ಆಗುತ್ತಾ?

ವಾರ್ಡ್ ಅಕ್ಕ

ನಿಲ್ಲಿಸಬೇಡಿ ಸರ್. ಬಿ.ಪಿ. ಮಾತ್ರೆ ನೀವಾಗಿಯೇ ನಿಲ್ಲಿಸುವಂಥದ್ದಲ್ಲ. ಕ್ಲಿನಿಕ್‌ಗೆ ಫೋನ್ ಮಾಡಿ, ಜನ ಕಡಿಮೆ ಇರುವ ಹೊತ್ತು ಯಾವುದು ಅಂತ ಕೇಳಿ. ಮಾಸ್ಕ್ ಹಾಕಿಕೊಂಡು ಹೋಗಿ ಬನ್ನಿ. ಫೋನಿನಲ್ಲೇ ಡಾಕ್ಟರ್ ಹತ್ತಿರ ಮಾತಾಡಿ ಚೀಟಿ ಮುಂದುವರಿಸಲು ಆಗುತ್ತಾ ಅಂತಲೂ ಕೇಳಿ ನೋಡಿ.

ಮೇಜಿನವರೇ, ಇವರ ಪ್ರಶ್ನೆಯನ್ನು ಗಮನಿಸಿ. ನಿಮ್ಮ ನೋಟಿಸ್ ಓದಿದ ಎಷ್ಟೋ ಜನ ಹೀಗೇ ಅಂದುಕೊಂಡು ಸುಮ್ನೆ ಮನೆಗೆ ಹೋಗುತ್ತಾರೆ. ‘ಡಾಕ್ಟರ್ ಎಂದಿನಂತೆ ನೋಡುತ್ತಾರೆ’ ಅನ್ನುವ ಒಂದು ಸಾಲು ಬೇಕೇ ಬೇಕು.

ನೀಲಿ ಕೊಡೆ

ನನ್ನದು ಬೇರೆ ಕಥೆ. ಹೋದ ವರ್ಷ ನಮ್ಮ ಅತ್ತೆ ಒಂದು ಆಸ್ಪತ್ರೆಯಲ್ಲಿದ್ದರು. ಅವರಿಗೆ ಮರೆವಿನ ಕಾಯಿಲೆ. ಹೊಸ ಮುಖ ನೋಡಿದರೆ ಹೆದರುತ್ತಾರೆ. ಬಾಗಿಲಲ್ಲಿ ‘ಸಂದರ್ಶಕರಿಗೆ ಪ್ರವೇಶವಿಲ್ಲ’ ಅಂತ ಬೋರ್ಡ್. ಕಾವಲಿನವರು ಒಳಗೆ ಬಿಡಲಿಲ್ಲ. ಎರಡು ದಿನ ಅತ್ತೆ ಏನೂ ತಿನ್ನಲಿಲ್ಲ, ಡ್ರಿಪ್ ಸೂಜಿ ಎರಡು ಸಲ ಕಿತ್ತುಕೊಂಡರು. ಮೂರನೇ ದಿನ ಅಲ್ಲಿನ ಒಬ್ಬ ಸಿಸ್ಟರ್ ಹೊರಗೆ ಬಂದು “ನೀವು ಸಂದರ್ಶಕರಲ್ಲಮ್ಮ, ನೋಡಿಕೊಳ್ಳುವವರು. ಮೊದಲೇ ಹೇಳಬಾರದಿತ್ತಾ” ಅಂದರು. ನನಗೆ ಆ ಎರಡು ಬೇರೆ ಬೇರೆ ಅಂತ ಗೊತ್ತೇ ಇರಲಿಲ್ಲ. ಬೋರ್ಡಿನಲ್ಲಿ ಇರಲಿಲ್ಲ. ಈಗಲೂ ನೆನೆಸಿಕೊಂಡರೆ ಕಣ್ಣು ತುಂಬುತ್ತೆ. ದಯವಿಟ್ಟು ನಿಮ್ಮ ನೋಟಿಸ್‌ನಲ್ಲಿ ಅದನ್ನು ಬರೆಯಿರಿ.

ವಾರ್ಡ್ ಅಕ್ಕ

ನೀಲಿ ಕೊಡೆ ಅವರೇ, ನಿಮ್ಮ ಅತ್ತೆಗೆ ಹಾಗಾಗಬಾರದಿತ್ತು. ಒಳಗಿನವರಿಗೆ ಈ ವ್ಯತ್ಯಾಸ ಗೊತ್ತಿರುತ್ತೆ, ಬೋರ್ಡಿನಲ್ಲಿ ಬರುವುದಿಲ್ಲ. ಕಾವಲಿನವರು ಬೋರ್ಡ್ ನೋಡಿ ತಡೆಯುತ್ತಾರೆ.

ನೋಡಲು ಬರುವವರು ಬೇರೆ, ಜೊತೆಗಿರಬೇಕಾದವರು ಬೇರೆ. ಮಗುವಿನ ತಾಯಿ ಅಥವಾ ತಂದೆ, ಹೆರಿಗೆಯ ಹೊತ್ತಿನಲ್ಲಿ ಜೊತೆಗಿರುವವರು, ಮರೆವಿನ ಕಾಯಿಲೆಯವರನ್ನೋ ಸ್ವತಃ ಮಾತಾಡಲು, ಕೇಳಲು, ಓಡಾಡಲು ಆಗದವರನ್ನೋ ನೋಡಿಕೊಳ್ಳುವವರು, ಇವರು ಮಿತಿಯ ಲೆಕ್ಕದಲ್ಲಿ ಬರಬಾರದು. ಕೊನೆಯ ಗಳಿಗೆಯಲ್ಲಿರುವವರ ಮನೆಯವರೂ ಅಷ್ಟೇ. ಆದರೆ ಕೊನೆಯದನ್ನು ಬೋರ್ಡಿನಲ್ಲಿ ಬರೆಯಬೇಡಿ, ಓದಿದವರಿಗೆ ದಿಗಿಲಾಗುತ್ತೆ. ‘ಬೇರೆ ತುರ್ತು ಕಾರಣ ಇದ್ದರೆ ನಮಗೆ ಹೇಳಿ’ ಅಂದರೆ ಸಾಕು.

ಈಗ ನಿಮ್ಮ ‘ಒಬ್ಬರು’. ಇದರಲ್ಲಿ ಎರಡು ಅರ್ಥ ಇದೆ. ಒಂದು ಸಲಕ್ಕೆ ಒಬ್ಬರು, ಅಥವಾ ಇಡೀ ದಿನಕ್ಕೆ ಒಬ್ಬರೇ. ನಾಲ್ಕು ಮಕ್ಕಳು ಸರದಿಯಲ್ಲಿ ಬಂದರೆ ಕೋಣೆಯಲ್ಲಿ ಗುಂಪು ಇಲ್ಲ ನಿಜ, ಆದರೆ ನಾಲ್ಕು ಮನೆಯ ಸೋಂಕು ಅಜ್ಜಿಯ ಹಾಸಿಗೆವರೆಗೆ ಬರುವ ದಾರಿ ತೆರೆದೇ ಇದೆ. ನಿಮ್ಮ ಡಾಕ್ಟರ್‌ಗೆ ಯಾವುದು ಬೇಕು ಅಂತ ಮೊದಲು ಕೇಳಿ. ಅದು ತೀರ್ಮಾನ ಆಗದೆ ವಾಕ್ಯ ಸರಿಯಾಗಲ್ಲ.

ಮುಂಬಾಗಿಲ ಮೇಜು

ಕೇಳಿದೆ. ದಿನಕ್ಕೆ ಒಬ್ಬರೇ ಅಂದರೆ ಮನೆಯವರಿಗೆ ಕಷ್ಟ, ಕೆಲಸ ಬಿಟ್ಟು ದಿನವಿಡೀ ಕೂರಲು ಎಲ್ಲರಿಗೂ ಆಗಲ್ಲ ಅಂದರು. ಕೊನೆಗೆ ಹೀಗೆ ತೀರ್ಮಾನ ಆಯಿತು: ಒಬ್ಬ ರೋಗಿಗೆ ಇಬ್ಬರ ಹೆಸರು ಬರೆಸಬಹುದು. ಒಂದು ಸಲಕ್ಕೆ ಒಬ್ಬರು ಒಳಗೆ. ಹೆಸರು ಬದಲಾಯಿಸುವ ಹಾಗಿಲ್ಲ. ಚಿಕ್ಕ ಮಕ್ಕಳು ನೋಡಲು ಬರುವುದು ಸದ್ಯಕ್ಕೆ ಬೇಡ.

ಗಟ್ಟಿ ಮಾಸ್ಕ್

ಇಬ್ಬರು ಅಂದರೆ ಒಪ್ಪುತ್ತೇನೆ. ಮಕ್ಕಳನ್ನು ಯಾಕೆ ತಡೆಯಬೇಕು? ತಾಯಿ ಒಳಗೆ ಮಲಗಿದ್ದರೆ ಐದು ವರ್ಷದ ಮಗುವಿಗೆ ಏನು ಹೇಳೋದು?

ವಾರ್ಡ್ ಅಕ್ಕ

ಇದರಲ್ಲಿ ನಮ್ಮ ಸಿಬ್ಬಂದಿಯಲ್ಲೇ ಒಮ್ಮತ ಇಲ್ಲ. ಮಕ್ಕಳು ಫ್ಲೂ ವೈರಸ್ಸನ್ನು ದೊಡ್ಡವರಿಗಿಂತ ಹೆಚ್ಚು ದಿನ ಹರಡಬಹುದು, ಮಾಸ್ಕ್ ನಿಲ್ಲುವುದಿಲ್ಲ, ಸಿಕ್ಕಿದ್ದನ್ನೆಲ್ಲ ಮುಟ್ಟುತ್ತಾರೆ. ತಡೆಯುವವರ ವಾದ ಅದು. ಅಮ್ಮನನ್ನು ನೋಡದ ಮಗುವಿನ ಅಳು ಕೇಳಿದವರು ಬಿಡಿ ಅನ್ನುತ್ತಾರೆ. ನಾನು ಈಗ ಅಮ್ಮ ಅಥವಾ ಅಪ್ಪ ಒಳಗಿದ್ದರೆ ಮಾತ್ರ ಬಿಡುವ ಕಡೆಗಿದ್ದೇನೆ. ಬೇರೆಯವರು ಬೇರೆ ಹೇಳಬಹುದು.

ಹಳೇ ಪೆನ್ನು

ನನ್ನ ಮೊದಲ ಸಲಹೆ ಸರಿ ಇರಲಿಲ್ಲ, ಒಪ್ಪುತ್ತೇನೆ. ನಾನು ಬೋರ್ಡ್ ಬರೆಯುವ ಕೆಲಸದವನು. ಆ ಕಡೆಯಿಂದ ಒಂದೆರಡು ಮಾತು ಹೇಳುತ್ತೇನೆ. ನಮ್ಮ ಅಕ್ಷರದಲ್ಲಿ ಒತ್ತು ಕೆಳಗೆ ಬರುತ್ತೆ. ದಪ್ಪ ಅಕ್ಷರದಲ್ಲಿ ಸಾಲು ಹತ್ತಿರ ಹತ್ತಿರ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ‘ಮಾಸ್ಕ್’ನ ಕೆಳಗಿನ ಒತ್ತು ಮುದ್ದೆಯಾದರೆ ದೂರದಿಂದ ಏನೂ ಗೊತ್ತಾಗಲ್ಲ. ಸಾಲಿನ ನಡುವೆ ಜಾಗ ಜಾಸ್ತಿ ಬಿಡಿ. ಬಿಳಿ ಮೇಲೆ ಕಪ್ಪು ಬರೆಯಿರಿ. ಶೀರ್ಷಿಕೆ ಮಾತ್ರ ದಪ್ಪ ಇರಲಿ. ಅಂಟಿಸಿ ಆರೇಳು ಹೆಜ್ಜೆ ಹಿಂದೆ ಹೋಗಿ ಓದಿ ನೋಡಿ. ಹಳೆಯ ನೋಟಿಸ್‌ಗಳನ್ನು ಕಿತ್ತು ಹಾಕಿ. ಐದು ಕಾಗದ ಇದ್ದ ಬಾಗಿಲಲ್ಲಿ ಆರನೆಯದನ್ನು ಯಾರೂ ನೋಡುವುದಿಲ್ಲ. ತಾರೀಖು ಹಾಕಿ. ಇಲ್ಲದಿದ್ದರೆ ಹೋದ ವರ್ಷದ್ದು ಇರಬೇಕು ಅಂದುಕೊಳ್ಳುತ್ತಾರೆ.

ಮುಂಬಾಗಿಲ ಮೇಜು

ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಮತ್ತೆ ಬರೆದೆ:

“ಈಗ ಫ್ಲೂ ಜ್ವರ ಹರಡುತ್ತಿದೆ. ಡಾಕ್ಟರ್ ಎಂದಿನಂತೆ ನೋಡುತ್ತಾರೆ.

ನಿಮಗೆ ಹುಷಾರಿಲ್ಲವೇ? ಒಳಗೆ ಬನ್ನಿ.
ಬಾಗಿಲ ಪಕ್ಕದ ಡಬ್ಬಿಯಿಂದ ಮಾಸ್ಕ್ ತಗೊಳ್ಳಿ. ಮೂಗು, ಬಾಯಿ ಎರಡೂ ಮುಚ್ಚುವಂತೆ ಹಾಕಿಕೊಳ್ಳಿ. ದುಡ್ಡು ಕೊಡಬೇಕಿಲ್ಲ.
ಉಸಿರಾಡಲು ಕಷ್ಟ ಆಗುತ್ತಿದೆಯೇ? ಸಾಲಿನಲ್ಲಿ ನಿಲ್ಲಬೇಡಿ. ತಕ್ಷಣ ನಮಗೆ ಹೇಳಿ.
ಸಹಾಯಕ್ಕೆ ಒಬ್ಬರನ್ನು ಜೊತೆಗೆ ಕರೆತರಬಹುದು.

ಒಳಗೆ ಮಲಗಿರುವವರನ್ನು ನೋಡಲು ಬಂದಿರಾ?
ನಿಮಗೆ ಕೆಮ್ಮು, ನೆಗಡಿ, ಗಂಟಲು ನೋವು ಇದ್ದರೆ, ನಿನ್ನೆ ಅಥವಾ ಇವತ್ತು ಜ್ವರ ಬಂದಿದ್ದರೆ, ಇವತ್ತು ನೋಡಲು ಬರಬೇಡಿ. ಫೋನಿನಲ್ಲಿ ಮಾತಾಡಿಸುತ್ತೇವೆ.
ಒಬ್ಬ ರೋಗಿಗೆ ಇಬ್ಬರ ಹೆಸರು ಬರೆಸಿ. ಆ ಇಬ್ಬರೇ ಬರಬೇಕು. ಒಂದು ಸಲಕ್ಕೆ ಒಬ್ಬರು ಒಳಗೆ ಇರಬಹುದು.
ನೀವು ರೋಗಿಯ ಜೊತೆಗೇ ಇದ್ದು ನೋಡಿಕೊಳ್ಳುವವರೇ? ನಮಗೆ ಹೇಳಿ. ನಿಮಗೆ ಈ ಮಿತಿ ಇಲ್ಲ.”

ವಾರ್ಡ್ ಅಕ್ಕ

ಚೆನ್ನಾಗಿದೆ. ಮೂರು ಕಡೆ ಕೈ ಹಾಕುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

‘ಇವತ್ತು ನೋಡಲು ಬರಬೇಡಿ’ ಅಂದರೆ ನಾಳೆ ಬರಬಹುದು ಅಂತ ಆಗುತ್ತೆ. ಫ್ಲೂ ಬಂದ ದೊಡ್ಡವರು ಹುಷಾರು ತಪ್ಪಿದ ಮೇಲೆ ಸುಮಾರು ಐದರಿಂದ ಏಳು ದಿನ ಹರಡಬಲ್ಲರು. ಜ್ವರದ ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಕೆಲಸಕ್ಕೆ ಹೋಗಬಹುದು ಅನ್ನುವುದು ಸಾಮಾನ್ಯ ಮಾತು. ವಾರ್ಡಿನಲ್ಲಿ ಮಲಗಿರುವವರ ವಿಷಯದಲ್ಲಿ ಅದು ಸಾಲದು. ‘ಪೂರ್ತಿ ವಾಸಿಯಾದ ಮೇಲೆ ಬನ್ನಿ’ ಅಂತ ಬರೆದು, ಕೇಳಿದವರಿಗೆ ನೀವು ಏಳು ದಿನ ಅಂತ ಹೇಳಿ.

ಮಾಸ್ಕ್ ಯಾರಿಗೆ ಬೇಡ ಅಂತಲೂ ಬರೆಯಿರಿ. 2 ವರ್ಷದೊಳಗಿನ ಮಕ್ಕಳಿಗೆ, ಉಸಿರಾಟದ ತೊಂದರೆ ಇರುವವರಿಗೆ, ತಾವಾಗಿಯೇ ತೆಗೆಯಲು ಆಗದವರಿಗೆ ಹಾಕಬಾರದು. ಒಬ್ಬ ತಾಯಿ ಹಾಲು ಕುಡಿಯುವ ಮಗುವಿಗೆ ಮಾಸ್ಕ್ ಕಟ್ಟಿ ತಂದಿದ್ದನ್ನು ನಾನೇ ಬಿಚ್ಚಿದ್ದೇನೆ. ‘ಕಡ್ಡಾಯ’ ಅನ್ನೋ ಪದ ಅವಳನ್ನು ಹೆದರಿಸಿತ್ತು.

ಮೂರನೆಯದು, ಜ್ವರದ ಜೊತೆ ಮೈಮೇಲೆ ದದ್ದು ಎದ್ದವರು. ಅದು ದಡಾರ ಆಗಿದ್ದರೆ ‘ಮಾಸ್ಕ್ ಹಾಕಿ ಒಳಗೆ ಬನ್ನಿ’ ಅನ್ನೋದು ಸಾಕಾಗಲ್ಲ. ದಡಾರದ ರೋಗಿ ಎದ್ದು ಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೆ ಉಳಿಯಬಹುದು. ನಿಮ್ಮ ಕಾಯುವ ಜಾಗದಲ್ಲಿ ಕೂಸುಗಳೂ ಬಸುರಿಯರೂ ಇರುತ್ತಾರೆ. ‘ಜ್ವರದ ಜೊತೆ ಮೈಮೇಲೆ ದದ್ದು ಇದೆಯೇ? ಮಾಸ್ಕ್ ಹಾಕಿಕೊಂಡು ಹೊರಗೇ ಇರಿ, ಈ ನಂಬರಿಗೆ ಫೋನ್ ಮಾಡಿ, ನಾವೇ ಬಂದು ಬೇರೆ ಬಾಗಿಲಿಂದ ಕರೆದುಕೊಂಡು ಹೋಗುತ್ತೇವೆ.’ ನಿಮ್ಮಲ್ಲಿ ಬೇರೆ ಬಾಗಿಲು ಇದೆಯಾ?

ಮುಂಬಾಗಿಲ ಮೇಜು

ಹಿಂದೆ ಒಂದಿದೆ, ಔಷಧಿಯ ಡಬ್ಬಗಳು ಅಡ್ಡ ಇವೆ. ಇವತ್ತೇ ತೆಗೆಸುತ್ತೇನೆ.

ಸಂಜೆ ನಡಿಗೆ

ಹೋಗಿ ಬಂದೆ. ಮಧ್ಯಾಹ್ನ ಬನ್ನಿ ಅಂದಿದ್ದರು, ಮೂರೇ ಜನ ಇದ್ದರು. ಇನ್ನೊಂದು ಪ್ರಶ್ನೆ. ಸ್ಯಾನಿಟೈಸರ್ ಹಚ್ಚಿದರೆ ವಾಂತಿ ಭೇದಿಯೂ ಹರಡಲ್ಲ ತಾನೇ?

ವಾರ್ಡ್ ಅಕ್ಕ

ಅದನ್ನು ನಂಬಬೇಡಿ ಸರ್. ಫ್ಲೂಗೆ 60%ಗಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಸರಿ, ಕೈ ಒಣಗುವವರೆಗೆ ಉಜ್ಜಬೇಕು. ವಾಂತಿ ಭೇದಿ ಹರಡುವ ನೋರೋವೈರಸ್‌ಗೆ ಅದು ಅಷ್ಟಾಗಿ ನಾಟುವುದಿಲ್ಲ. ಅಲ್ಲಿ ಸೋಪು ನೀರೇ ಬೇಕು. ಆ ಕಾಯಿಲೆ ಹರಡಿದಾಗ ನೋಟಿಸ್ಸೇ ಬೇರೆ ಬರೆಯಬೇಕು.

ಮೇಜಿನವರೇ, ಅಂಟಿಸುವ ಮೊದಲು ಇದೊಂದು ಮಾಡಿ. ನೋಟಿಸ್ ಓದಿದವರನ್ನು ‘ಅರ್ಥ ಆಯ್ತಾ’ ಅಂತ ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. ‘ಇದನ್ನು ಓದಿದಿರಲ್ಲ, ಈಗ ನೀವು ಏನು ಮಾಡ್ತೀರಿ’ ಅಂತ ಕೇಳಿ. ಐದು ಜನ ಸಾಕು. ಓದಲು ಬಾರದವರು ಬಂದರೆ ನೀವೇ ಅದೇ ಮಾತಿನಲ್ಲಿ ಹೇಳಬೇಕಾಗುತ್ತೆ. ಬರೆದದ್ದೂ ಬಾಯಲ್ಲಿ ಹೇಳುವುದೂ ಒಂದೇ ಆಗಿರಲಿ.

ಮುಂಬಾಗಿಲ ಮೇಜು

ಇವತ್ತು ಐದು ಜನರಿಗೆ ತೋರಿಸಿದೆ. ನಾಲ್ವರು ಸರಿಯಾಗಿ ಹೇಳಿದರು. ಐದನೆಯ ಅಮ್ಮ ‘ಇಬ್ಬರ ಹೆಸರು ಬರೆಸಿ’ ಓದಿ, “ಒಂದು ರೋಗಿಯದು, ಇನ್ನೊಂದು ನನ್ನದು” ಅಂದರು. ಅದು ನನಗೆ ಹೊಳೆದೇ ಇರಲಿಲ್ಲ. ‘ನೋಡಲು ಬರುವ ಇಬ್ಬರ ಹೆಸರು ಬರೆಸಿ’ ಅಂತ ತಿದ್ದಿದೆ. ಮತ್ತೆ ಅವರಿಗೇ ತೋರಿಸಿದೆ. “ಹಾಗಾದ್ರೆ ನಾನು, ನನ್ನ ತಂಗಿ” ಅಂದರು.

ಡಬ್ಬಿ ಹೊರಗೆ ಇಟ್ಟಿದ್ದೇನೆ. ಹಿಂದಿನ ಬಾಗಿಲ ಕೀ ಈಗ ನನ್ನ ಡ್ರಾಯರಿನಲ್ಲಿದೆ.

ನೀಲಿ ಕೊಡೆ

ಶಾಲು ಹೊದ್ದವರು ಮತ್ತೆ ಬಂದರಾ?

ಮುಂಬಾಗಿಲ ಮೇಜು

ಇನ್ನೂ ಇಲ್ಲ. ಫೋನ್ ಬಂದಾಗಲೂ ಈಗ ಗಾಜಿನ ಕಡೆ ಮುಖ ಮಾಡಿಯೇ ಕೂರುತ್ತೇನೆ.